ಏಜೆಂಟ್ ಸುತ್ತಿದ್ದಲ್ಲೇ ಸುತ್ತುತ್ತಿದ್ದರೆ ಮೊದಲು ಈ ಒಂದು ಸಾಲು ನೋಡಿ

> "ಮನೆಯ ಕಂಪ್ಯೂಟರಿನಲ್ಲೇ ಓಡುವ ಮಾಡೆಲ್ ಇಟ್ಟು ಒಂದು ಏಜೆಂಟ್ ಕಟ್ಟಿದ್ದೇನೆ. ದಿನಾ ಸಂಜೆ ಮಂಗಳೂರಿನ ಹೊಸ ಚಾಲಿ ಅಡಿಕೆಯ ರೇಟು ನೋಡಬೇಕು, ನಾಳೆಯ ಮಳೆ ನೋಡಬೇಕು, ಮದ್ದು ಬಿಡಬಹುದಾ ಇಲ್ವಾ ಹೇಳಿ ಶೀಟಿನಲ್ಲಿ ಒಂದು ಸಾಲು ಬರೀಬೇಕು. ಆರು ದಿನ ಸರಿ ಇತ್ತು. ಭಾನುವಾರ ಒಂದೇ ರೇಟನ್ನು 40 ಸಲ ಹುಡುಕಿ ನಿಂತಿತು. ಬುಧವಾರ ಶೀಟು ಬಿಟ್ಟು ಕೊಳೆರೋಗದ ಬಗ್ಗೆ ಪ್ರಬಂಧ ಬರೆದಿದೆ. ಮಾಡೆಲ್ ಬದಲಾಯಿಸಬೇಕಾ?"

ಭಟ್ರೇ, ಮಾಡೆಲ್ ಸದ್ಯಕ್ಕೆ ಮುಟ್ಟಬೇಡಿ. ನೀವು ಹಾಕಿದ ಎರಡೂ ದಿನದ ಲಾಗ್, ಕೋಡಿನ ಫೋಟೋ ಎಲ್ಲ ಕೂತು ಓದಿದೆ. ಭಾನುವಾರದ್ದು, ಬುಧವಾರದ್ದು ಬೇರೆ ಬೇರೆ ಕಾಯಿಲೆ ಹಾಗೆ ಕಾಣುತ್ತದೆ, ಆದರೆ ಎರಡರ ಬೇರೂ ಈ ಒಂದು ಸಾಲಿನಲ್ಲಿ ಉಂಟು:

```python
messages = messages[-10:]
```

ಲಾಗ್ ಉದ್ದವಾದರೆ ಮಾಡೆಲಿಗೆ ಹಿಡಿಸುವುದಿಲ್ಲ ಅಂತ ಕೊನೆಯ 10 ಮೆಸೇಜ್ ಮಾತ್ರ ಇಟ್ಟುಕೊಂಡಿದ್ದೀರಿ. ಯೋಚನೆ ಸರಿ. ಆದರೆ ಇಲ್ಲಿ ಒಂದು ವಿಷಯ ನೆನಪಿಡಬೇಕು. ಮಾಡೆಲಿಗೆ ಹಿಂದಿನ ಹೆಜ್ಜೆಯ ನೆನಪು ಅಂತ ಏನೂ ಇರುವುದಿಲ್ಲ. ಪ್ರತಿ ಹೆಜ್ಜೆಗೂ ನಿಮ್ಮ ಪ್ರೋಗ್ರಾಂ ಇಲ್ಲಿಯವರೆಗಿನ ಕಾಗದವನ್ನೆಲ್ಲ ಅದರ ಮುಂದಿಟ್ಟು "ಮುಂದೇನು?" ಅಂತ ಕೇಳುತ್ತದೆ. ಅದು ಒಂದು ಟೂಲ್ ಕರೆ, ಅಂದರೆ ರೇಟು ತಾ, ಮಳೆ ನೋಡು ಅನ್ನುವಂಥ ಒಂದು ಆಜ್ಞೆ ಬರೆಯುತ್ತದೆ, ಪ್ರೋಗ್ರಾಂ ಆ ಟೂಲ್ ಓಡಿಸಿ ಬಂದದ್ದನ್ನು ಕಾಗದದ ಕೊನೆಗೆ ಅಂಟಿಸುತ್ತದೆ, ಮತ್ತೆ ಕೇಳುತ್ತದೆ. ಅಷ್ಟೇ. ಕಾಗದದಲ್ಲಿ ಇಲ್ಲದ್ದು ಅದಕ್ಕೆ ಗೊತ್ತಿಲ್ಲ.

ಈಗ ಲೆಕ್ಕ ಹಾಕಿ. ನಿಮ್ಮ ಕೆಲಸದ ಆದೇಶ ಪೂರ್ತಿ ಮೊದಲನೇ ಮೆಸೇಜಿನಲ್ಲಿ ಉಂಟು. ಆಮೇಲೆ ಪ್ರತಿ ಹೆಜ್ಜೆಗೆ ಎರಡು ಮೆಸೇಜ್, ಕರೆ ಒಂದು, ಫಲ ಒಂದು. ಸಾಧಾರಣ ದಿನ ರೇಟು, ಮಳೆ, ಶೀಟು ಅಂತ ಮೂರೇ ಹೆಜ್ಜೆ, ಅಂದರೆ ಒಟ್ಟು 7 ಮೆಸೇಜ್. ಏನೂ ಕತ್ತರಿಸಿ ಹೋಗುವುದಿಲ್ಲ. ಆರು ದಿನ ಸರಿ ಇದ್ದದ್ದು ಹಾಗೆ. ಐದನೇ ಹೆಜ್ಜೆ ಮುಗಿದರೆ 11 ಆಗುತ್ತದೆ, ಕೊನೆಯ 10 ಇಟ್ಟರೆ ಹಾರಿಹೋಗುವುದು ಯಾವುದು? ನಿಮ್ಮ ಆದೇಶವೇ.

ಭಾನುವಾರದ ಲಾಗಿನ ಶುರು ನೋಡಿ:

```
get_price(market="Mangaluru", variety="New Variety") -> []
get_price(market="Mangalore", variety="New Variety") -> []
get_price(market="Mangalore", variety="New") -> []
get_price(market="Mangaluru", variety="Chali") -> []
get_price(market="Mangaluru", variety="New Variety") -> []
```

ಮೊದಲ ನಾಲ್ಕು ಕರೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಭಾನುವಾರ ಮಾರುಕಟ್ಟೆ ರಜೆ, ರೇಟು ಇಲ್ಲ, ನಿಮ್ಮ ಟೂಲ್ ಖಾಲಿ ಪಟ್ಟಿ ಕೊಟ್ಟಿದೆ. ಆದರೆ `[]` ಅಂದರೆ ಏನು ಅಂತ ಮಾಡೆಲ್ ಹೇಗೆ ತಿಳಿಯಬೇಕು? ರಜೆಯಾ, ಊರಿನ ಸ್ಪೆಲಿಂಗ್ ತಪ್ಪಾ, ಸರ್ವರ್ ಮಲಗಿದೆಯಾ? ಊರಿನ ಹೆಸರು ಬದಲಿಸಿ ನೋಡಿತು, ತಳಿಯ ಹೆಸರು ಬದಲಿಸಿ ನೋಡಿತು. ನಾವಾದರೂ ಅದನ್ನೇ ಮಾಡುತ್ತಿದ್ದೆವು. ಐದನೆಯದಕ್ಕೆ ತಿರುಗಿ ಮೊದಲಿನದಕ್ಕೇ ಬಂತು, ಅಷ್ಟರಲ್ಲಿ ಆದೇಶ ಕತ್ತರಿಸಿ ಹೋಯಿತು. ಆಮೇಲೆ ಅದರ ಮುಂದಿದ್ದ ಕಾಗದದಲ್ಲಿ ಐದು `get_price`, ಐದು `[]`, ಬೇರೇನೂ ಇಲ್ಲ. ಮಾಡೆಲ್ ಮಾಡುವ ಕೆಲಸವೇ ಇರುವ ಬರಹದ ಮುಂದೆ ಬರುವುದಕ್ಕೆ ಹೊಂದುವುದನ್ನು ಬರೆಯುವುದು. ಹಾಗಿರುವಾಗ ಆರನೆಯದು ಇನ್ನೊಂದು `get_price` ಅಲ್ಲದೆ ಏನಾದೀತು? ಒಂದೊಂದು ಸಲ ಬರೆದಾಗಲೂ ಆ ಚಾಳಿ ಇನ್ನೂ ಗಟ್ಟಿಯಾಗುತ್ತದೆ. 40ಕ್ಕೆ ನಿಂತದ್ದು ಅದಕ್ಕೆ ಬುದ್ಧಿ ಬಂದು ಅಲ್ಲ, ನೀವು ಇಟ್ಟ ಮಿತಿ ಅಷ್ಟು. ಆ ಮಿತಿ ಇಟ್ಟದ್ದು ಒಳ್ಳೆಯದಾಯಿತು, ಆದರೆ ಮೂರು ಹೆಜ್ಜೆಯ ಕೆಲಸಕ್ಕೆ 40 ಜಾಸ್ತಿ. 8 ಇಡಿ.

ಮೂಡುಬಿದಿರೆಯ ಅಕ್ಕ ಮೇಲೆ ಬರೆದದ್ದು ಪಂಪಿನ ಆಟೋ ಸ್ಟಾರ್ಟರ್ ಬಗ್ಗೆ. ಬಾವಿ ಬತ್ತಿದೆ, ಮೋಟರ್ ಟ್ರಿಪ್ ಆಗುತ್ತದೆ, ಅರ್ಧ ಗಂಟೆ ಬಿಟ್ಟು ತಾನೇ ಶುರುವಾಗುತ್ತದೆ, ಮತ್ತೆ ಟ್ರಿಪ್, ರಾತ್ರಿಯಿಡೀ ಇದೇ. ಅಕ್ಕ, ಭಟ್ರು ಕೇಳಿದ ಏಜೆಂಟ್ ಅದಲ್ಲ, ಆದರೆ ನಿಮ್ಮ ಉದಾಹರಣೆ ಇಲ್ಲಿಗೆ ಸರಿಯಾಗಿ ಕೂರುತ್ತದೆ. ಸ್ಟಾರ್ಟರಿಗೆ ಟ್ರಿಪ್ ಆದದ್ದು ಮಾತ್ರ ಗೊತ್ತು, ಬಾವಿಯಲ್ಲಿ ನೀರಿಲ್ಲ ಅಂತ ಯಾರೂ ಹೇಳಿಲ್ಲ. ಬಾವಿಗೆ ಒಂದು ಲೆವೆಲ್ ಸೆನ್ಸರ್ ಹಾಕಿದರೆ ಮುಗಿಯಿತು. ಭಟ್ರ ಟೂಲಿಗೂ ಅದೇ ಬೇಕು. ಖಾಲಿ ಪಟ್ಟಿಯ ಬದಲು ಒಂದು ಮಾತು ವಾಪಸ್ ಬರಲಿ: "ಇವತ್ತು ಭಾನುವಾರ, ಮಾರುಕಟ್ಟೆ ರಜೆ. ಹೆಸರು ಸರಿ ಇದೆ. ಶನಿವಾರದ ರೇಟು ಇದು. ಮತ್ತೆ ಹುಡುಕಬೇಡ, ಮಳೆ ನೋಡು." ಇಷ್ಟು ಬದಲಾಯಿಸಿದರೆ ಭಾನುವಾರದ ಸಮಸ್ಯೆ ಹೆಚ್ಚುಕಮ್ಮಿ ಹೋಗುತ್ತದೆ, ಹೆಸರು ನಿಜವಾಗಿ ತಪ್ಪಿದ್ದರೆ ಸರಿಯಾದ ಹೆಸರುಗಳ ಪಟ್ಟಿಯನ್ನೇ ಕೊಡಿ.

ಕಾರ್ಕಳದ ಹುಡುಗ ಟೆಂಪರೇಚರ್ ಏರಿಸಿ ಅಂದ, ಅಂದರೆ ಮಾಡೆಲ್ ಪದ ಆರಿಸುವಾಗ ಎಷ್ಟು ಅತ್ತಿತ್ತ ಹೋಗಬಹುದು ಅನ್ನುವ ಸೆಟ್ಟಿಂಗ್. ಅರ್ಧ ಸರಿ. ಸೊನ್ನೆಗೆ ಇಟ್ಟಿದ್ದರೆ ಅಕ್ಷರ ಬದಲಾಗದೆ ಅದದೇ ಕರೆ ಬರುವುದು ಜಾಸ್ತಿ, ಸ್ವಲ್ಪ ಏರಿಸಿದರೆ ಅದು ಮುರಿಯಬಹುದು. ಆದರೆ ಇಲ್ಲಿ ಸುತ್ತು ಮುರಿದರೂ ಕೆಲಸ ಆಗುವುದಿಲ್ಲ, ಯಾಕೆಂದರೆ ಕೆಲಸವೇ ಕಾಗದದಲ್ಲಿ ಇಲ್ಲ. ಇನ್ನೂ ನಾಲ್ಕು ಹೊಸ ಸ್ಪೆಲಿಂಗ್ ಹುಡುಕುತ್ತದೆ ಅಷ್ಟೇ. ಅದಕ್ಕೇ ಸುತ್ತು ಹಿಡಿಯುವಾಗ ಕರೆಯನ್ನು ಎಣಿಸಬೇಡಿ, ಫಲವನ್ನು ಎಣಿಸಿ. ಕರೆ ಒಂದೊಂದು ಸಲ ಒಂದೊಂದು ಥರ ಇರುತ್ತದೆ, ಫಲ ಮಾತ್ರ ಅದೇ `[]`.

```python
seen = {}  # ಲೂಪ್ ಶುರುವಾಗುವ ಮೊದಲು, ಒಮ್ಮೆ ಮಾತ್ರ

# ಲೂಪಿನ ಒಳಗೆ, ಪ್ರತಿ ಫಲ ಬಂದಾಗ
key = (tool_name, str(result))
seen[key] = seen.get(key, 0) + 1
if seen[key] >= 3:
    result = "ಮೂರು ಸಲ ಇದೇ ಫಲ. ಈ ಟೂಲ್ ಬಿಡು, ಸಿಗಲಿಲ್ಲ ಅಂತ ಬರೆ."
```

ಶೀಟಿಗೆ ಬರೆಯುವ ಟೂಲ್ ಬಗ್ಗೆ ಇನ್ನೂ ಹುಷಾರು ಬೇಕು. ಹೋದ ವರ್ಷ ನಾನು ಕಾಳುಮೆಣಸಿನ ತೂಕ ಬರೆಯಲು ಇಂಥದ್ದೇ ಒಂದು ಮಾಡಿದ್ದೆ. ಬರೆಯುವ ಟೂಲ್ ಕೆಲಸ ಮಾಡಿದರೂ ಏನೂ ವಾಪಸ್ ಹೇಳುತ್ತಿರಲಿಲ್ಲ. ಏಜೆಂಟ್ ಬರೆದದ್ದು ಆಗಲಿಲ್ಲ ಅಂದುಕೊಂಡು 38 ಕಿಲೋವನ್ನು ನಾಲ್ಕು ಸಲ ಬರೆದಿತ್ತು. ವ್ಯಾಪಾರಿಯ ಚೀಟಿಗೆ ತಾಳೆ ನೋಡುವವರೆಗೆ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹುಡುಕುವ ಟೂಲ್ ಸುತ್ತಿದರೆ ಸಮಯ ಹೋಗುತ್ತದೆ, ಬರೆಯುವ ಟೂಲ್ ಸುತ್ತಿದರೆ ಲೆಕ್ಕವೇ ಹಾಳು. "ಬರೆದಾಯಿತು, 57ನೇ ಸಾಲು" ಅಂತ ಅದು ಹೇಳಲೇಬೇಕು, ಅದೇ ತಾರೀಕಿನ ಸಾಲು ಇದ್ದರೆ ಹೊಸತು ಸೇರಿಸದೆ ಹಳೆಯದನ್ನೇ ತಿದ್ದಬೇಕು.

ಬುಧವಾರಕ್ಕೆ ಬರುವಾ. ಅವತ್ತು ರೇಟು ಸಿಕ್ಕಿತು, ಮಳೆಯೂ ಸಿಕ್ಕಿತು. ಆದರೆ ಮಳೆ ಅತ್ತಲೂ ಅಲ್ಲ ಇತ್ತಲೂ ಅಲ್ಲ ಅನ್ನುವ ಹಾಗೆ ಇತ್ತು. ಮದ್ದು ಬಿಡಬಹುದಾ ಅಂತ ತೀರ್ಮಾನಿಸಲು ಅದು ವೆಬ್ಬಿನಲ್ಲಿ ಬೋರ್ಡೋ ಮದ್ದಿನ ಬಗ್ಗೆ ಹುಡುಕಿತು. ಇಲ್ಲಿವರೆಗೆ ದಾರಿ ತಪ್ಪಿಲ್ಲ. ಆದರೆ ಬಂದ ಪುಟ ಉದ್ದ, ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಅಂತ ಶುರುವಾಗಿ ಕೊಳೆರೋಗದ ಜಾತಕವೆಲ್ಲ ಅದರಲ್ಲಿ ಇತ್ತು. ಮತ್ತೆ ಎರಡು ಪುಟ ತಂದಿತು. ಐದನೇ ಹೆಜ್ಜೆ ಮುಗಿದಾಗ ಶೀಟಿನ ಮಾತಿದ್ದ ಮೊದಲ ಮೆಸೇಜ್ ಹೋಯಿತು, ಕಾಗದದ ತುಂಬ ಉಳಿದದ್ದು ಕೊಳೆರೋಗ. ಅದು ತನ್ನ ಮುಂದೆ ಇದ್ದ ವಿಷಯದ ಬಗ್ಗೆ ಬರೆದು ಮುಗಿಸಿತು. ಪ್ರಬಂಧ ತಪ್ಪಿಲ್ಲ ಅಂತ ನೀವೇ ಹೇಳಿದ್ದೀರಿ, ಕೇಳಿದ್ದು ಅದಲ್ಲ ಅಷ್ಟೇ.

ಹಾಗಾಗಿ ಮೊದಲ ರಿಪೇರಿ ಇದು:

```python
messages = messages[:1] + messages[1:][-8:]
```

8 ಯಾಕೆ ಅಂದರೆ ಜೋಡಿ ಮುರಿಯಬಾರದು. ಬೆಸ ಸಂಖ್ಯೆ ಇಟ್ಟರೆ ಕರೆ ಹೋಗಿ ಅದರ ಫಲ ಮಾತ್ರ ಉಳಿಯುತ್ತದೆ, ಕೆಲವು ಕಡೆ ಅದಕ್ಕೆ ಎರರ್ ಬರುತ್ತದೆ. ಒಂದೇ ಹೆಜ್ಜೆಯಲ್ಲಿ ಎರಡು ಟೂಲ್ ಕರೆಯುವ ಮಾಡೆಲ್ ಆದರೆ ಈ ಲೆಕ್ಕವೂ ಸಾಲದು, ಆಗ ಜೋಡಿ ನೋಡಿಯೇ ಕತ್ತರಿಸಬೇಕು. ವೆಬ್ ಪುಟವನ್ನು ಇಡೀ ತುರುಕಬೇಡಿ, ಮೊದಲ ಒಂದು ಸಾವಿರ ಅಕ್ಷರ ಸಾಕು.

ಬ್ರಹ್ಮಾವರದ ಶೆಟ್ರು ಹೇಳಿದ್ದನ್ನು ಇದರ ಜೊತೆ ಸೇರಿಸಿ. ಅವರು ಈ ಕೆಲಸ ನನಗಿಂತ ಜಾಸ್ತಿ ಮಾಡಿದವರು. ಆದೇಶ ಕತ್ತರಿಸದೆ ಇದ್ದರೂ ಉದ್ದ ಕಾಗದದಲ್ಲಿ ಮಾಡೆಲ್ ಗಮನ ಜಾರುತ್ತದೆ. ಶುರುವಿನದ್ದು, ಕೊನೆಯದ್ದು ಚೆನ್ನಾಗಿ ಹಿಡಿದುಕೊಂಡು ನಡುವಿನದ್ದನ್ನು ಬಿಡುತ್ತದೆ ಅಂತ 2023ರ ಒಂದು ಅಧ್ಯಯನ ತೋರಿಸಿತ್ತು. ಅದೇ ವರ್ಷ ಆಟೋಜಿಪಿಟಿ ಅನ್ನುವ ಏಜೆಂಟ್ ಬಂದಾಗಲೂ ಜನರ ದೊಡ್ಡ ದೂರು ಇದೇ, ಸುತ್ತುತ್ತದೆ, ಕೆಲಸ ಮರೆಯುತ್ತದೆ ಅಂತ. ಅದಕ್ಕೇ ಶೆಟ್ರು ಪ್ರತಿ ಹೆಜ್ಜೆಯ ಕೊನೆಗೆ "ರೇಟು ಆಯಿತು, ಮಳೆ ಆಯಿತು, ಉಳಿದದ್ದು ತೀರ್ಮಾನ ಮತ್ತು ಶೀಟು" ಅಂತ ಒಂದು ಚೀಟಿ ಅಂಟಿಸಿ ಅಂದದ್ದು. ಒಂದು ಕಡೆ ಮಾತ್ರ ನನಗೂ ಅವರಿಗೂ ಹೊಂದುವುದಿಲ್ಲ. ಆ ಚೀಟಿಯನ್ನು ಮಾಡೆಲೇ ಬರೆಯಲಿ ಅಂತಾರೆ. ಮಾಡದ ಕೆಲಸಕ್ಕೆ ಅದು "ಆಯಿತು" ಅಂತ ಗೀಟು ಹಾಕಿದ್ದನ್ನು ನಾನು ನೋಡಿದ್ದೇನೆ, ಒಮ್ಮೆ ಹಾಗೆ ಬರೆದರೆ ಮುಂದಿನ ಹೆಜ್ಜೆಗಳೆಲ್ಲ ಅದನ್ನೇ ನಂಬುತ್ತವೆ. ಚೀಟಿ ಪ್ರೋಗ್ರಾಮೇ ಬರೆಯಲಿ, ಟೂಲ್ ನಿಜವಾಗಿ ಫಲ ಕೊಟ್ಟಿದ್ದರೆ ಮಾತ್ರ. ಮೊದಲೇ ಗೊತ್ತಿಲ್ಲದ ಹೆಜ್ಜೆಗಳು ಬರುವ ಕೆಲಸಕ್ಕೆ ಇದು ಆಗುವುದಿಲ್ಲ ಅಂತ ಶೆಟ್ರ ವಾದ, ಅದು ನಿಜವೇ. ನಿಮ್ಮ ಕೆಲಸ ಹಾಗಿಲ್ಲ.

ನನ್ನನ್ನು ಕೇಳಿದರೆ ರೇಟು ತರುವುದು, ಮಳೆ ತರುವುದು, ಶೀಟು ಬರೆಯುವುದು ಮೂರನ್ನೂ ಮಾಡೆಲ್ ಕೈಯಿಂದ ತೆಗೆದು ಬರೀ ಪೈಥಾನಿಗೆ ಕೊಡಿ. ಯಾವತ್ತೂ ಅದೇ ಕ್ರಮ, ಯೋಚಿಸಲು ಅಲ್ಲಿ ಏನುಂಟು? ಒಂದು ಹೆಜ್ಜೆ 100ಕ್ಕೆ 95 ಸಲ ಸರಿ ಅಂತಿಟ್ಟುಕೊಂಡರೂ ಹತ್ತು ಹೆಜ್ಜೆ ಸಾಲಾಗಿ ಸರಿ ಬರುವುದು 100ಕ್ಕೆ 60 ಸಲ, ಇಪ್ಪತ್ತು ಹೆಜ್ಜೆಗೆ 36. ಹೆಜ್ಜೆ ಕಮ್ಮಿ ಮಾಡಿದಷ್ಟೂ ಲಾಭ. ಮಾಡೆಲಿಗೆ ತೀರ್ಮಾನ ಒಂದು ಬಿಡಿ, ರೇಟು ಮಳೆ ಎರಡೂ ಮುಂದಿಟ್ಟು "ಬಿಡಬಹುದು, ಬೇಡ, ಗೊತ್ತಾಗುವುದಿಲ್ಲ" ಮೂರರಲ್ಲಿ ಒಂದು ಹೇಳು ಅನ್ನಿ. ಆಗ ಅದು ಏಜೆಂಟೇ ಅಲ್ವಲ್ಲ ಅಂತ ಕಾರ್ಕಳದ ಹುಡುಗ ಹೇಳಬಹುದು. ಇರಲಿ, ಸಾಲು ಶೀಟಿನಲ್ಲಿ ಬಂದರೆ ಆಯಿತಲ್ಲ. "ಗೊತ್ತಾಗುವುದಿಲ್ಲ" ಅನ್ನುವ ಮೂರನೇ ಉತ್ತರ ಬಿಡಬೇಡಿ ಮಾರಾಯ್ರೆ, ಬುಧವಾರ ಅದಿದ್ದಿದ್ದರೆ ವೆಬ್ಬಿಗೆ ಹೋಗುವ ಕಾರಣವೇ ಇರಲಿಲ್ಲ. ಅಂಥ ದಿನ ನಿಮ್ಮ ಅಪ್ಪಯ್ಯ ಪಡುವಣ ಮೋಡ ನೋಡಿ ಹೇಳಿದ್ದನ್ನೇ ಆ ಸಾಲಿನ ಪಕ್ಕ ಕೈಯಲ್ಲಿ ಬರೆಯಿರಿ, ಮಳೆಗಾಲ ಮುಗಿದ ಮೇಲೆ ಎರಡನ್ನೂ ಹೋಲಿಸಿ ನೋಡಬಹುದು.

ಮೊದಲು ಆ ಒಂದು ಸಾಲು ಮತ್ತು `[]` ಇವೆರಡನ್ನು ಮಾತ್ರ ಬದಲಾಯಿಸಿ ಓಡಿಸಿ, ಉಳಿದದ್ದು ಆಮೇಲೆ. ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಬರುವ ಭಾನುವಾರದ ಲಾಗ್ ಇಲ್ಲಿ ಹಾಕಿ.