ಮರಿಗಳ ತುಟಿಯ ಹಕ್ಕಳೆ ಕೀಳಬೇಡಿ

"ಅಂಕೋಲಾ ಹತ್ತಿರ ನಮ್ಮ ಮನೆಯ ಮೂರು ಆಡಿನ ಮರಿಗಳ ತುಟಿಯ ಮೇಲೆ ಕಪ್ಪು ಹಕ್ಕಳೆ ಕಟ್ಟಿದೆ, ಹಾಲು ಕುಡಿಯುತ್ತಿಲ್ಲ. ಇದು ಸಿಡುಬೇ? ನಮಗೂ ತಗಲುತ್ತದೆಯೇ?"

ಶಿರಸಿ ಸೀಮೆಯಲ್ಲಿ ಪಶುಚಿಕಿತ್ಸೆಯ ಕೆಲಸದಲ್ಲಿರುವ ನಾನು ಮೊದಲು ಹೇಳುವುದು, ಮರಿಯ ಬಾಲ ಎತ್ತಿ ನೋಡಿ ಎಂದು. ಸಿಡುಬಾದರೆ ಜೋರು ಜ್ವರವಿರುತ್ತದೆ. ಬಾಲದ ಅಡಿ, ತೊಡೆಯ ಒಳಭಾಗ ಮತ್ತು ಕೆಚ್ಚಲಿನಂಥ ಕೂದಲಿಲ್ಲದ ಕಡೆಗಳಲ್ಲಿ ಗಟ್ಟಿ ಗಂಟುಗಳೇಳುತ್ತವೆ, ಮೂಗು ಸುರಿಯುತ್ತದೆ, ಎಳೆಯ ಮರಿಗಳು ಸಾಯುವುದೂ ಹೆಚ್ಚು. ಹಾಗೇನಾದರೂ ಕಂಡರೆ ತಡಮಾಡದೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಮೈ ಶುಭ್ರವಾಗಿದ್ದು, ಹಕ್ಕಳೆ ತುಟಿಗಳ ಸಂದಿಯಿಂದ ಶುರುವಾಗಿ ಮೂಗಿನವರೆಗೆ ಹಬ್ಬಿದ್ದರೆ ಅದು ಹೆಚ್ಚಾಗಿ ಓರ್ಫ್ ಎಂಬ ಸಾಂಕ್ರಾಮಿಕ ಬಾಯಿಹುಣ್ಣು. ಮುಳ್ಳು, ಒರಟು ಮೇವು ತಾಗಿ ತುಟಿ ಗೀರಿದಲ್ಲಿ ಈ ವೈರಸ್ ಒಳಹೊಗುತ್ತದೆ, ಸಾಮಾನ್ಯವಾಗಿ ಮೂರ್ನಾಲ್ಕು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ.

ಹುಣ್ಣಿಗಿಂತ ಹೆಚ್ಚಾಗಿ ಹಸಿವೆಯೇ ಮರಿಯನ್ನು ಕೊಲ್ಲುತ್ತದೆ. ಮೂರು ಕೆ.ಜಿ. ತೂಕದ ಮರಿಗೆ ದಿನಕ್ಕೆ ಸುಮಾರು 400 ಮಿ.ಲೀ. ಹಾಲು ಬೇಕು. ಅದು ಮೊಲೆಗೆ ಬಾಯಿ ಹಾಕದಿದ್ದರೆ ತಾಯಿಯ ಹಾಲನ್ನು ಕರೆದು, ಕಾಯಿಸಿ, ಉಗುರುಬೆಚ್ಚಗೆ ಮಾಡಿ, ನಾಲ್ಕು ಸಲಕ್ಕೆ 100 ಮಿ.ಲೀ.ನಂತೆ ನಿಪ್ಪಲ್ ಬಾಟಲಿಯಲ್ಲಿ ಕುಡಿಸಬೇಕು. ತಾಯಿಯ ಮೊಲೆತೊಟ್ಟನ್ನೂ ದಿನವೂ ನೋಡಿ. ಅಲ್ಲಿಗೂ ಹುಣ್ಣು ಹರಡಿದರೆ ನೋವಿನಿಂದ ಅದು ಮರಿಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಕೆಚ್ಚಲು ಬಾವೂ ಬರಬಹುದು.

ಹಕ್ಕಳೆಯನ್ನು ಕೀಳುವುದಾಗಲಿ ಉಜ್ಜುವುದಾಗಲಿ ಬೇಡ. ಕೆಳಗಿನ ಹಸಿ ಚರ್ಮದಿಂದ ರಕ್ತ ಬರುತ್ತದೆ, ವಾಸಿಯಾಗುವುದೂ ತಡವಾಗುತ್ತದೆ. ತಿಳಿಗುಲಾಬಿ ಬಣ್ಣದ ಪೊಟ್ಯಾಶಿಯಂ ಪರ್ಮಾಂಗನೇಟ್ ನೀರಿನಲ್ಲಿ ಹತ್ತಿಯನ್ನು ಅದ್ದಿ ಮೃದುವಾಗಿ ಒರೆಸಿ, ಒಣಗಿದ ಮೇಲೆ ಬೋರೋಗ್ಲಿಸರಿನ್ ಹಚ್ಚಿದರೆ ಸಾಕು. ಕರಾವಳಿಯ ಮಳೆಗಾಲದಲ್ಲಿ ನೊಣ ಕೂತು ಹುಳ ಬೀಳುವ ಭಯವಿರುವುದರಿಂದ ಸುತ್ತಲೂ ಬೇವಿನೆಣ್ಣೆ ಸವರಿ. ಹಕ್ಕಳೆಯ ಅಡಿಯಿಂದ ಕೀವು, ವಾಸನೆ ಬಂದರೆ ಆ್ಯಂಟಿಬಯಾಟಿಕ್ ಬೇಕಾಗಬಹುದು, ಅದನ್ನು ವೈದ್ಯರೇ ತೀರ್ಮಾನಿಸಲಿ.

ಆಡಿನ ಸಿಡುಬು ಸಾಮಾನ್ಯವಾಗಿ ನಮಗೆ ತಗಲುವುದಿಲ್ಲ, ಆದರೆ ಓರ್ಫ್ ತಗಲುತ್ತದೆ. ಬೆರಳಿನಲ್ಲಿ ಕತ್ತಿ ತಾಗಿದ ಗಾಯವಿದ್ದರೆ ಅಲ್ಲಿಯೇ ಕೆಲವು ದಿನಗಳಲ್ಲಿ ಕೆಂಪು ಗುಳ್ಳೆಯೆದ್ದು, ನಡುವೆ ನೀರು ತುಂಬಿದಂತೆ ಕಾಣುವ ಗಂಟಾಗುತ್ತದೆ. ಸಾಮಾನ್ಯವಾಗಿ ಆರೇಳು ವಾರಗಳಲ್ಲಿ ತಾನೇ ಮಾಯುತ್ತದೆ. ಅದನ್ನು ಕುರುವೆಂದು ಕೊಯ್ಯಿಸದಿರಲು, ವೈದ್ಯರಿಗೆ ಮನೆಯಲ್ಲಿ ಆಡುಗಳಿಗೆ ಬಾಯಿಹುಣ್ಣಿದೆ ಎಂದು ತಪ್ಪದೆ ಹೇಳಿ. ಮರಿಗಳನ್ನು ಮುಟ್ಟುವಾಗ, ಹಾಲು ಕರೆಯುವಾಗ ಕೈಗವಸು ಇರಲಿ, ಬಳಿಕ ಸೋಪಿನಿಂದ ತೊಳೆಯಿರಿ. ಮಕ್ಕಳನ್ನೂ, ರೋಗನಿರೋಧಕ ಶಕ್ತಿ ಕುಂದಿಸುವ ಮಾತ್ರೆ ತೆಗೆದುಕೊಳ್ಳುವವರನ್ನೂ ಈ ಕೆಲಸದಿಂದ ದೂರವಿಡಿ.

ಉದುರಿದ ಹಕ್ಕಳೆಯಲ್ಲಿ ವೈರಸ್ ಒಣ ಜಾಗದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಕೊಟ್ಟಿಗೆಯ ಕಸವನ್ನು ನೀರು ಚಿಮುಕಿಸಿ ಗುಡಿಸಿ ಸುಟ್ಟುಬಿಡಿ. ಸಿಡುಬಿನ ಲಸಿಕೆ ಓರ್ಫ್ ತಡೆಯುವುದಿಲ್ಲ. ಆದರೂ ಸಿಡುಬಿಗಾಗಿಯೇ ಅದನ್ನು ಹಿಂಡಿಗೆ ಯಾವಾಗ ಹಾಕಿಸಬೇಕೆಂದು ಪಶು ಆಸ್ಪತ್ರೆಯಲ್ಲಿ ಕೇಳಿ.