ಎರಡು ಪಾರ್ಟ್ನರ್‌ಶಿಪ್ ಫರ್ಮ್ ಒಂದಾಗುವಾಗ ಯಾರ ಬಂಡವಾಳ ಎಷ್ಟು?

"ನಮ್ಮದು ಹಾರ್ಡ್‌ವೇರ್ ಅಂಗಡಿ, ಇಬ್ಬರು ಪಾರ್ಟ್ನರ್ಸ್. ಪಕ್ಕದ ಪೇಂಟ್ ಅಂಗಡಿಯಲ್ಲೂ ಇಬ್ಬರು. ಎರಡನ್ನೂ ಸೇರಿಸಿ ಒಂದೇ ಫರ್ಮ್ ಮಾಡ್ತಾ ಇದೀವಿ. ಎರಡು ಬ್ಯಾಲೆನ್ಸ್ ಶೀಟನ್ನ ಸುಮ್ನೆ ಕೂಡಿಸಿದ್ರೆ ಆಗಲ್ವಾ? ಆಸ್ತಿಗೆಲ್ಲ ಹೊಸ ಬೆಲೆ ಯಾಕೆ ಕಟ್ಟಬೇಕು? ನಾಲ್ಕು ಜನರ ಬಂಡವಾಳ ಹೇಗೆ ಹೊಂದಿಸೋದು?"

ಆಗಲ್ಲ. ಸುಮ್ನೆ ಕೂಡಿಸಿದರೂ ಬ್ಯಾಲೆನ್ಸ್ ಶೀಟ್ ತಾಳೆಯಾಗುತ್ತದೆ, ಅದೇ ತೊಂದರೆ. ತಾಳೆ ಆಯ್ತಲ್ಲ ಅಂತ ಎಲ್ಲರೂ ಸಮಾಧಾನವಾಗಿರುತ್ತಾರೆ, ಅಷ್ಟರಲ್ಲಿ ಒಬ್ಬರ ದುಡ್ಡು ಇನ್ನೊಬ್ಬರ ಪಾಲಿಗೆ ಹೋಗಿರುತ್ತದೆ.

ನಾನು ಲೆಕ್ಕಪತ್ರ ಬರೆಯುವ ಕೆಲಸದವನು. ನಿಮ್ಮ ಅಂಗಡಿಯ ಹಾಗೇ ಇರುವ ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಅಂಕಿಗಳು ನಾನು ಹಾಕಿದ್ದು, ನಿಮ್ಮದನ್ನು ಅಲ್ಲಿ ತುಂಬಿಕೊಳ್ಳಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ಎ ಮತ್ತು ಬಿ, ಲಾಭದ ಪಾಲು 3:2. ಎ ಬಂಡವಾಳ 6 ಲಕ್ಷ, ಬಿ ಬಂಡವಾಳ 4 ಲಕ್ಷ, ಹಂಚದೆ ಉಳಿಸಿದ ರಿಸರ್ವ್ 1 ಲಕ್ಷ, ಮಾಲು ಕೊಟ್ಟವರಿಗೆ ಕೊಡಬೇಕಾದ್ದು 3 ಲಕ್ಷ. ಆ ಕಡೆ ಕಟ್ಟಡ 5 ಲಕ್ಷ, ಸ್ಟಾಕ್ 4 ಲಕ್ಷ, ಗಿರಾಕಿಗಳಿಂದ ಬರಬೇಕಾದ್ದು 3.5 ಲಕ್ಷ, ಕಾರು 1 ಲಕ್ಷ, ಬ್ಯಾಂಕಿನಲ್ಲಿ 50 ಸಾವಿರ.

ಪೇಂಟ್ ಅಂಗಡಿಯಲ್ಲಿ ಸಿ ಮತ್ತು ಡಿ, ಸಮಪಾಲು. ಸಿ ಬಂಡವಾಳ 4 ಲಕ್ಷ, ಡಿ ಬಂಡವಾಳ 3 ಲಕ್ಷ, ಕೊಡಬೇಕಾದ್ದು 2 ಲಕ್ಷ. ಆ ಕಡೆ ಸ್ಟಾಕ್ 4.5 ಲಕ್ಷ, ಬರಬೇಕಾದ್ದು 3 ಲಕ್ಷ, ಫರ್ನಿಚರ್ 1 ಲಕ್ಷ, ಬ್ಯಾಂಕಿನಲ್ಲಿ 50 ಸಾವಿರ. ಇಬ್ಬರೂ ಅಕ್ಕಪಕ್ಕದವರಾದ್ದರಿಂದ ಹಾರ್ಡ್‌ವೇರಿನವರು ಪೇಂಟಿನವರಿಗೆ 40 ಸಾವಿರ ಬಾಕಿ ಇದ್ದಾರೆ, ಅದೂ ಈ ಅಂಕಿಗಳ ಒಳಗೇ ಇದೆ. ಹೊಸ ಫರ್ಮಿನಲ್ಲಿ ನಾಲ್ವರ ಪಾಲು 3:2:3:2 ಅಂತ ಒಪ್ಪಿದ್ದಾರೆ ಅಂದುಕೊಳ್ಳೋಣ.

ಈಗ ಹೊಸ ಬೆಲೆ ಯಾಕೆ ಅನ್ನೋದಕ್ಕೆ ಆ ಕಟ್ಟಡವನ್ನೇ ನೋಡಿ. ಪುಸ್ತಕದಲ್ಲಿ 5 ಲಕ್ಷ, ಇವತ್ತಿನ ಬೆಲೆ 8 ಲಕ್ಷ. ಹೆಚ್ಚಾದ 3 ಲಕ್ಷ ಎ ಮತ್ತು ಬಿ ಇಬ್ಬರೇ ಇದ್ದ ಕಾಲದಲ್ಲಿ ಹೆಚ್ಚಾದದ್ದು. ಅದು ಅವರದೇ. ಹಳೇ ಬೆಲೆಗೇ ಹೊಸ ಫರ್ಮಿಗೆ ತಂದು ಮುಂದೆ 8 ಲಕ್ಷಕ್ಕೆ ಮಾರಿದರೆ, ಬಂದ 3 ಲಕ್ಷ ಲಾಭ ಹೊಸ ಪಾಲಿನ ಪ್ರಕಾರ ನಾಲ್ವರಿಗೂ ಹಂಚಿಹೋಗುತ್ತದೆ. ಸಿ ಮತ್ತು ಡಿಗೆ ಒಟ್ಟು ಒಂದೂವರೆ ಲಕ್ಷ ಪುಕ್ಕಟೆ! ಅದೇ ರೀತಿ ಪೇಂಟ್ ಅಂಗಡಿಯ ಗೋಡೌನಿನಲ್ಲಿ ಗಟ್ಟಿಯಾಗಿ ಹೋಗಿರುವ ಡಬ್ಬಗಳನ್ನು ಪುಸ್ತಕದ ಬೆಲೆಗೇ ತಂದರೆ, ಆ ನಷ್ಟದಲ್ಲಿ ಅರ್ಧವನ್ನು ಎ ಮತ್ತು ಬಿ ಹೊರಬೇಕಾಗುತ್ತದೆ. ಹಾಗಾಗಿ ಒಂದೇ ಒಂದು ಸೂತ್ರ: ಹಳೆಯದರ ಲಾಭನಷ್ಟ ಹಳೇ ಪಾಲಿನಲ್ಲೇ ಮುಗಿಯಬೇಕು, ಆಮೇಲೆ ಹೊಸ ಪಾಲು. ಉಳಿದದ್ದೆಲ್ಲ ಇದರ ವಿಸ್ತಾರ ಅಷ್ಟೇ.

ಅದಕ್ಕೇ ಎರಡೂ ಫರ್ಮಿನಲ್ಲಿ ಬೇರೆ ಬೇರೆಯಾಗಿ, ಬೆಲೆ ಏರಿದ್ದು ಇಳಿದದ್ದು ಬರೆಯೋಕೆ ಒಂದೊಂದು ಮರುಮೌಲ್ಯಮಾಪನ ಖಾತೆ ತೆರೆಯಬೇಕು. ಹಾರ್ಡ್‌ವೇರಿನಲ್ಲಿ ಕಟ್ಟಡದಿಂದ 3 ಲಕ್ಷ ಲಾಭ. ತುಕ್ಕು ಹಿಡಿದ ಮಾಲಿಗೆ 20 ಸಾವಿರ ಇಳಿಸಿ, ಬರೋದು ಅನುಮಾನ ಅನ್ನಿಸುವ ಬಾಕಿಗೆ 20 ಸಾವಿರ ಪ್ರಾವಿಷನ್ ಹಾಕಿ, ಅಂದರೆ ಅಷ್ಟು ಬರದೇ ಹೋಗಬಹುದು ಅಂತ ಮೊದಲೇ ನಷ್ಟ ಹಿಡಿಯಿರಿ. ಕಾರು ಹೊಸ ಫರ್ಮಿಗೆ ಬೇಡ, ಎ ಅದನ್ನು 90 ಸಾವಿರಕ್ಕೆ ತೆಗೆದುಕೊಳ್ಳುತ್ತಾರೆ, ಅಲ್ಲಿ 10 ಸಾವಿರ ನಷ್ಟ. ಉಳಿದ ಲಾಭ 2.5 ಲಕ್ಷ, 3:2ರಲ್ಲಿ ಎಗೆ 1.5 ಲಕ್ಷ, ಬಿಗೆ 1 ಲಕ್ಷ. ಪೇಂಟಿನಲ್ಲಿ ಸ್ಟಾಕ್ 30 ಸಾವಿರ, ಫರ್ನಿಚರ್ 20 ಸಾವಿರ ಇಳಿಯಿತು, ಬಾಕಿಗೆ 10 ಸಾವಿರ ಪ್ರಾವಿಷನ್. ಒಟ್ಟು 60 ಸಾವಿರ ನಷ್ಟ, ಸಿ ಮತ್ತು ಡಿಗೆ ತಲಾ 30 ಸಾವಿರ.

ರಿಸರ್ವನ್ನು ಜಾಸ್ತಿ ಜನ ಮರೆಯುತ್ತಾರೆ. ಅದು ಎ ಮತ್ತು ಬಿ ದುಡಿದು ಹಂಚಿಕೊಳ್ಳದೆ ಬಿಟ್ಟ ಲಾಭ, ಹೊಸ ಫರ್ಮಿಗೆ ರಿಸರ್ವ್ ಅಂತಲೇ ಹೋದರೆ ಸಿ ಮತ್ತು ಡಿಗೂ ಅದರಲ್ಲಿ ಪಾಲು ಹುಟ್ಟುತ್ತದೆ. ಎಗೆ 60 ಸಾವಿರ, ಬಿಗೆ 40 ಸಾವಿರ ಬಂಡವಾಳಕ್ಕೆ ಜಮಾ ಮಾಡಿ ಆ ಖಾತೆ ಮುಚ್ಚಿಬಿಡಿ.

ಗುಡ್‌ವಿಲ್, ಅಂದರೆ ಅಂಗಡಿ ಗಳಿಸಿದ ಹೆಸರಿಗೆ ಕಟ್ಟುವ ಬೆಲೆ, ಅದರ ಹತ್ತಿರ ಸ್ವಲ್ಪ ನಿಧಾನಿಸಬೇಕು, ಜಗಳ ಹುಟ್ಟೋದೂ ಅಲ್ಲೇ. ಕಳೆದ ಕೆಲವು ವರ್ಷಗಳ ಸರಾಸರಿ ಲಾಭ ತೆಗೆದು ಅದರ ಇಷ್ಟು ಪಟ್ಟು ಅಂತ ಒಪ್ಪಿಕೊಳ್ಳೋದು ರೂಢಿ. ಎರಡೂ ಅಂಗಡಿಗೂ ಒಂದೇ ಅಳತೆ ಇರಲಿ. ಹಾರ್ಡ್‌ವೇರಿಗೆ 1 ಲಕ್ಷ, ಪೇಂಟಿಗೆ 2 ಲಕ್ಷ ಅಂತ ಬಂತು ಅನ್ನಿ. ಹಳೇ ಪಾಲಿನಲ್ಲಿ ಎಗೆ 60 ಸಾವಿರ, ಬಿಗೆ 40 ಸಾವಿರ, ಸಿ ಮತ್ತು ಡಿಗೆ ತಲಾ 1 ಲಕ್ಷ ಜಮಾ. ಹೊಸ ಫರ್ಮಿನಲ್ಲಿ ಈ 3 ಲಕ್ಷವನ್ನು ಆಸ್ತಿ ಅಂತ ಇಟ್ಟುಕೊಳ್ಳದೆ ಹೊಸ ಪಾಲಿನಲ್ಲಿ ಕಳೆದುಬಿಡುತ್ತಾರೆ: 90, 60, 90, 60 ಸಾವಿರ. "ಹಾಕಿ ಮತ್ತೆ ತೆಗೆಯೋದಾದರೆ ಯಾಕೆ ಹಾಕಬೇಕು" ಅಂತ ಕೇಳುವವರಿದ್ದಾರೆ. ಎರಡನ್ನೂ ಕೂಡಿಸಿ ನೋಡಿ. ಎಗೆ 30 ಸಾವಿರ, ಬಿಗೆ 20 ಸಾವಿರ ಕಡಿಮೆಯಾಯಿತು, ಸಿಗೆ 10 ಸಾವಿರ, ಡಿಗೆ 40 ಸಾವಿರ ಹೆಚ್ಚಾಯಿತು. ಚೆನ್ನಾಗಿ ನಡೆಯುತ್ತಿದ್ದ ಪೇಂಟ್ ವ್ಯಾಪಾರದಲ್ಲಿ ಪಾಲು ಸಿಕ್ಕಿದ್ದಕ್ಕೆ ಹಾರ್ಡ್‌ವೇರಿನವರು ಕೊಟ್ಟ ಬೆಲೆ ಅದು. ಡಿಗೆ ಯಾಕೆ ಸಿಗಿಂತ ಜಾಸ್ತಿ? ಹಳೇ ಅಂಗಡಿಯಲ್ಲಿ ಇಬ್ಬರದೂ ಸಮಪಾಲಿತ್ತು, ಹೊಸದರಲ್ಲಿ ಡಿ ಪಾಲು ಸಿಗಿಂತ ಕಡಿಮೆ. ಬಿಟ್ಟುಕೊಟ್ಟದ್ದಕ್ಕೆ ತಕ್ಕಂತೆ ಸಿಕ್ಕಿದೆ.

ಹಳೇ ಪುಸ್ತಕಗಳನ್ನು ಮುಚ್ಚುವುದು ಸುಲಭ. "ಹೊಸ ಫರ್ಮ್" ಅಂತ ಒಂದು ಖಾತೆ ತೆರೆದು, ಹೊಸ ಫರ್ಮ್ ತೆಗೆದುಕೊಂಡ ಆಸ್ತಿಗಳನ್ನು ಹೊಸ ಬೆಲೆಯಲ್ಲಿ ಒಂದು ಕಡೆ, ಹೊಣೆಗಳನ್ನು ಇನ್ನೊಂದು ಕಡೆ ಹಾಕಿ. ಉಳಿಯುವ ಮೊತ್ತ ಇಬ್ಬರು ಪಾಲುದಾರರ ಬಂಡವಾಳದ ಮೊತ್ತಕ್ಕೆ ಸರಿಯಾಗಿ ಸಮನಾಗಬೇಕು. ಎ: 6 ಲಕ್ಷಕ್ಕೆ 60 ಸಾವಿರ, 1.5 ಲಕ್ಷ, 60 ಸಾವಿರ ಸೇರಿಸಿ ಕಾರಿನ 90 ಸಾವಿರ ಕಳೆದರೆ 7.8 ಲಕ್ಷ. ಬಿ 5.8 ಲಕ್ಷ. ಒಟ್ಟು 13.6 ಲಕ್ಷ, ಗುಡ್‌ವಿಲ್ ಸೇರಿ ಆಸ್ತಿ 16.6 ಲಕ್ಷದಲ್ಲಿ 3 ಲಕ್ಷ ಹೊಣೆ ಕಳೆದರೂ ಅಷ್ಟೇ. ಪೇಂಟಿನಲ್ಲಿ ಸಿ 4.7 ಲಕ್ಷ, ಡಿ 3.7 ಲಕ್ಷ, ಒಟ್ಟು 8.4 ಲಕ್ಷ. ಇಲ್ಲಿ ತಾಳೆಯಾಗದೆ ಹೊಸ ಪುಸ್ತಕಕ್ಕೆ ಕೈ ಹಾಕಬೇಡಿ. ಆಮೇಲೆ ಹುಡುಕುವುದು ಎರಡರಷ್ಟು ಕಷ್ಟ.

ಹೊಸ ಪುಸ್ತಕದಲ್ಲಿ ಮೊದಲು ಆ 40 ಸಾವಿರದ ಕಡೆ ನೋಡಿ. ತನಗೆ ತಾನೇ ಯಾರೂ ಬಾಕಿ ಇರೋಕಾಗಲ್ಲ, ಅಲ್ವಾ? ಬರಬೇಕಾದ್ದರಿಂದಲೂ ಕೊಡಬೇಕಾದ್ದರಿಂದಲೂ 40 ಸಾವಿರ ತೆಗೆಯಬೇಕು. ಬರಬೇಕಾದ್ದು 6.1 ಲಕ್ಷ, ಕೊಡಬೇಕಾದ್ದು 4.6 ಲಕ್ಷ ಆಗುತ್ತದೆ. ಪೇಂಟಿನವರು ಪ್ರಾವಿಷನ್ ಲೆಕ್ಕ ಹಾಕುವಾಗ ಈ 40 ಸಾವಿರವನ್ನೂ ಸೇರಿಸಿ ಶೇಕಡಾವಾರು ಹಿಡಿದಿದ್ದರೆ ಅದನ್ನು ಅವರ ಮರುಮೌಲ್ಯಮಾಪನದಲ್ಲೇ ತಿದ್ದಿ. ಆ ದುಡ್ಡು ಬರುತ್ತದೋ ಇಲ್ಲವೋ ಅನ್ನುವ ಅನುಮಾನವೇ ಇಲ್ಲಿ ಇಲ್ಲ. ಇನ್ನೊಂದು, ಗಿರಾಕಿಗಳ ಬಾಕಿಯನ್ನು ಪ್ರಾವಿಷನ್ ಕಳೆದು ಒಂದೇ ಅಂಕಿಯಾಗಿ ತರಬೇಡಿ. ಪೂರ್ತಿ ಬಾಕಿ ಒಂದು ಕಡೆ, 30 ಸಾವಿರ ಪ್ರಾವಿಷನ್ ಬೇರೆ ಕಡೆ ಇರಲಿ. ಗಿರಾಕಿ ಹತ್ತಿರ ಕೇಳುವುದು ಪೂರ್ತಿ ಬಾಕಿಯನ್ನೇ ತಾನೆ.

ಗುಡ್‌ವಿಲ್ ಕಳೆದ ಮೇಲೆ ಬಂಡವಾಳ ಎ 6.9, ಬಿ 5.2, ಸಿ 3.8, ಡಿ 3.1 ಲಕ್ಷ. ಒಟ್ಟು 19 ಲಕ್ಷ. ಕೊಡಬೇಕಾದ್ದು ಸೇರಿಸಿದರೆ 23.6 ಲಕ್ಷ. ಆ ಕಡೆ ಕಟ್ಟಡ 8, ಸ್ಟಾಕ್ 8, ಪ್ರಾವಿಷನ್ ಕಳೆದ ಬಾಕಿ 5.8, ಫರ್ನಿಚರ್ 0.8, ಬ್ಯಾಂಕ್ 1 ಲಕ್ಷ. ಅದೂ 23.6. ನಿಮ್ಮದು ತಾಳೆಯಾಗದಿದ್ದರೆ ವ್ಯತ್ಯಾಸದ ಅಂಕಿಯೇ ಅರ್ಧ ದಾರಿ ತೋರಿಸುತ್ತದೆ. ಈ ಉದಾಹರಣೆಯಲ್ಲಿ 40 ಸಾವಿರ ವ್ಯತ್ಯಾಸ ಬಂದರೆ ಪರಸ್ಪರ ಬಾಕಿಯನ್ನು ಒಂದೇ ಕಡೆ ತೆಗೆದಿದ್ದೀರಿ ಅಂತ. 3 ಲಕ್ಷ ಬಂದರೆ ಗುಡ್‌ವಿಲ್ ಅಥವಾ ಕಟ್ಟಡ ಒಂದೇ ಕಡೆ ಬಿದ್ದಿದೆ. 90 ಸಾವಿರ ಬಂದರೆ ಕಾರನ್ನು ಆಸ್ತಿಯಿಂದ ತೆಗೆದು ಎ ಬಂಡವಾಳದಿಂದ ಕಳೆದಿಲ್ಲ.

ಇನ್ನು ಹೊಂದಿಸುವ ಮಾತು. ಲಾಭ 3:2:3:2 ಆದರೆ ಬಂಡವಾಳವೂ ಹಾಗೇ ಇರಬೇಕು ಅಂತ ಕಾನೂನೇನೂ ಇಲ್ಲ. ಒಪ್ಪಂದ ಹಾಗಿದ್ದರೆ ಮಾತ್ರ. ಒಟ್ಟು 20 ಲಕ್ಷ ಅಂತ ನಿಗದಿ ಮಾಡಿದರೆ ಎ ಮತ್ತು ಸಿ ತಲಾ 6 ಲಕ್ಷ, ಬಿ ಮತ್ತು ಡಿ ತಲಾ 4 ಲಕ್ಷ ಇಡಬೇಕು. ಸಿ 2.2 ಲಕ್ಷ, ಡಿ 90 ಸಾವಿರ ತರಬೇಕು. ಎಗೆ 90 ಸಾವಿರ, ಬಿಗೆ 1.2 ಲಕ್ಷ ಹೆಚ್ಚಿದೆ. ತಂದದ್ದರಲ್ಲಿ ಇವರಿಗೆ ವಾಪಸ್ ಕೊಟ್ಟರೂ ಬ್ಯಾಂಕಿಗೆ 1 ಲಕ್ಷ ಉಳಿಯುತ್ತದೆ. ಆದರೆ ಸಿ ಹತ್ತಿರ ಅಷ್ಟು ದುಡ್ಡು ಈಗ ಇಲ್ಲ ಅಂದರೆ? ಫರ್ಮಿನ ಪುಸ್ತಕದಲ್ಲಿ ಅವರ ಹೆಸರಿನ ಕರೆಂಟ್ ಅಕೌಂಟಿನಲ್ಲಿ ಬಾಕಿ ತೋರಿಸಿ ಮುಂದಿನ ಲಾಭದಿಂದ ತುಂಬಿಸಬಹುದು, ಆಗ ಎ ಮತ್ತು ಬಿ ಹೆಚ್ಚಿನ ದುಡ್ಡು ಫರ್ಮಿನಲ್ಲೇ ಬಿಡಬೇಕಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಬಂಡವಾಳವನ್ನು ಇದ್ದ ಹಾಗೇ ಬಿಟ್ಟು ಅದಕ್ಕೆ ಬಡ್ಡಿ ನಿಗದಿ ಮಾಡುವುದು ಇಂಥ ಸಣ್ಣ ಅಂಗಡಿಗಳಿಗೆ ಒಳ್ಳೆಯದು. ಸಿ ಸಾಲ ಮಾಡಿ ತಂದು ಸುರಿಯುವುದು ತಪ್ಪುತ್ತದೆ.

ಯಾವುದನ್ನೇ ಮಾಡಿ, ಡೀಡಿನಲ್ಲಿ ಬರೆಯಿರಿ. 1932ರ ಪಾಲುದಾರಿಕೆ ಕಾಯ್ದೆ ಎರಡು ಫರ್ಮ್ ಸೇರುವ ಕ್ರಮವನ್ನು ಹೇಳುವುದೇ ಇಲ್ಲ, ಎಲ್ಲ ನಿಮ್ಮ ಒಪ್ಪಂದದ ಮೇಲೆ. ಒಪ್ಪಂದ ಇಲ್ಲದ ಕಡೆ ಕಾಯ್ದೆಯೇ ತುಂಬುತ್ತದೆ: ಲಾಭ ಸಮಪಾಲು, ಬಂಡವಾಳಕ್ಕೆ ಬಡ್ಡಿ ಇಲ್ಲ, ಬಂಡವಾಳಕ್ಕಿಂತ ಹೆಚ್ಚಾಗಿ ಕೊಟ್ಟ ಮುಂಗಡಕ್ಕೆ ವರ್ಷಕ್ಕೆ ಶೇ. 6 ಬಡ್ಡಿ. ಹಾಗಾಗಿ ಬಿ ಬಿಟ್ಟ 1.2 ಲಕ್ಷ ಬಂಡವಾಳವೋ ಸಾಲವೋ ಅಂತ ಒಂದು ಸಾಲು ಇರಲೇಬೇಕು.

ಮಾಲು ಕೊಟ್ಟವರ ವಿಷಯವೂ ಇದೆ. ಹೊಸ ಫರ್ಮ್ ಹೊಣೆ ತೆಗೆದುಕೊಂಡಿತು ಅಂದ ಮಾತ್ರಕ್ಕೆ ಎ ಮತ್ತು ಬಿ ಹಳೇ ಬಾಕಿಯಿಂದ ಬಿಡುಗಡೆ ಆಗಲ್ಲ, ಮಾಲು ಕೊಟ್ಟವರು ಒಪ್ಪಿದರೆ ಮಾತ್ರ ಆಗುತ್ತದೆ. ದೊಡ್ಡ ಬಾಕಿಯವರಿಂದ ಒಂದು ಪತ್ರ ತೆಗೆದುಕೊಳ್ಳಿ. ಉಳಿದಿರುವ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ತಾನಾಗಿ ಬರಲ್ಲ, ಹಳೇ ನೋಂದಣಿ ರದ್ದು ಮಾಡುವ ಮೊದಲೇ ಪೋರ್ಟಲಿನಲ್ಲಿ ITC-02 ಫಾರ್ಮ್ ಹಾಕಿ ಹೊಸ ಫರ್ಮಿಗೆ ವರ್ಗಾಯಿಸಬೇಕು. ಕಟ್ಟಡಕ್ಕೆ ಬಂದ 3 ಲಕ್ಷ ಮತ್ತು ಎ ತೆಗೆದುಕೊಂಡ ಕಾರಿಗೆ ಆದಾಯ ತೆರಿಗೆ, ಕಟ್ಟಡದ ಕಾಗದಪತ್ರಕ್ಕೆ ಮುದ್ರಾಂಕ ಶುಲ್ಕ ಬೀಳುತ್ತದಾ ಅಂತ ಡೀಡಿಗೆ ಸಹಿ ಹಾಕುವ ಮುಂಚೆ ನಿಮ್ಮ ಆಡಿಟರ್ ಹತ್ತಿರ ಕೇಳಿ. ಬಿದ್ದರೆ ಅದನ್ನು ಎ ಮತ್ತು ಬಿ ಇಬ್ಬರೇ ಕಟ್ಟಬೇಕೋ ನಾಲ್ವರೋ ಅಂತ ಅದೇ ಡೀಡಿನಲ್ಲಿ ಸೇರಿಸಿ.