ಡ್ರೈ ಸಿರಪ್: ಗೆರೆಯಿಂದ ಇಳಿದ ನೀರು, ಬಾಟಲಿಯಲ್ಲಿ ಉಳಿದ ಔಷಧಿ

"ಮಗಳಿಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಡ್ರೈ ಸಿರಪ್ ಬರೆದಿದ್ದಾರೆ. ಗೆರೆವರೆಗೆ ನೀರು ಹಾಕಿ ಕುಲುಕಿದೆ, ಮಟ್ಟ ಇಳಿಯಿತು. ಇನ್ನೂ ಹಾಕಲಾ? ಉಳಿದರೆ ಮುಂದಿನ ಜ್ವರಕ್ಕೆ ಇಡಬಹುದಾ?"

ಹಾಕಿ ಮೇಡಂ. ಪುಡಿ ನೆನೆದಾಗ ಮಟ್ಟ ಇಳಿಯುವುದು ಸಹಜ. ನೊರೆ ಇಳಿಯಲು ಬಿಟ್ಟು, ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಸರಿಯಾಗಿ ಗೆರೆಗೆ ತನ್ನಿ. ಕಡಿಮೆ ಬಿಟ್ಟರೆ ಔಷಧಿ ಗಟ್ಟಿಯಾಗಿ ಪ್ರತಿ ಡೋಸೂ ಹೆಚ್ಚಾಗುತ್ತದೆ. ಗೆರೆ ದಾಟಿದರೆ ಡೋಸ್ ಸಾಲದು. ನೀರು ಕುದಿಸಿ, ಮುಚ್ಚಿಟ್ಟು, ಪೂರ್ತಿ ಆರಿಸಿದ್ದಾಗಿರಲಿ. ಉಗುರುಬೆಚ್ಚಗಿದ್ದರೂ ಬೇಡ, ಬಿಸಿಗೆ ಔಷಧಿ ಕೆಡುತ್ತದೆ. ಪೆಟ್ಟಿಗೆಯಲ್ಲೇ ನೀರಿನ ಆಂಪೂಲ್ ಇದ್ದರೆ ಅದನ್ನೇ ಬಳಸಿ.

ಈ ಆ್ಯಂಟಿಬಯಾಟಿಕ್ ಸಿರಪ್‌ನಲ್ಲಿರುವ ಕ್ಲಾವುಲನೇಟ್, ನೀರು ತಾಗಿದ ಕ್ಷಣದಿಂದಲೇ ನಿಧಾನವಾಗಿ ಕೆಡತೊಡಗುತ್ತದೆ. ಫ್ರಿಜ್ಜಿನ ತಂಪು ಅದನ್ನು ತಡಮಾಡುತ್ತದೆ, ನಿಲ್ಲಿಸುವುದಿಲ್ಲ. ಹಾಗಾಗಿ ಕಲಸಿದ ದಿನಾಂಕವನ್ನು ಲೇಬಲ್ ಮೇಲೆ ಬರೆದು, ಬಾಟಲಿಯನ್ನು ಒಳಗಿನ ಶೆಲ್ಫಿನಲ್ಲಿಡಿ. ಬಾಗಿಲು ಬೇಡ, ಫ್ರೀಜರ್ ಅಂತೂ ಬೇಡವೇ ಬೇಡ. ಪ್ರತಿ ಸಲ ಕುಲುಕಿಯೇ ಅಳೆಯಿರಿ.

ಈ ಸಿರಪ್ ಸಾಮಾನ್ಯವಾಗಿ ಕಲಸಿ 7 ದಿನದವರೆಗೆ ಮಾತ್ರ; ನಿಮ್ಮ ಲೇಬಲ್ ಬೇರೆ ಹೇಳಿದರೆ ಅದೇ ಸರಿ. ಪುಡಿಯ ಎಕ್ಸ್‌ಪೈರಿ ದಿನಾಂಕ ಕಲಸಿದ ಔಷಧಿಗೆ ಅನ್ವಯಿಸದು. ಡಾಕ್ಟರ್ 10 ದಿನ ಹೇಳಿದ್ದರೆ ಎರಡನೇ ಬಾಟಲಿ ತಂದು ಆಗ ಕಲಸಿ. ಮುಂದಿನ ಜ್ವರಕ್ಕೆ ಖಂಡಿತ ಇಡಬೇಡಿ, ವೈರಲ್ ಜ್ವರಕ್ಕೆ ಇದು ಕೆಲಸವನ್ನೂ ಮಾಡುವುದಿಲ್ಲ. ಕೋರ್ಸ್ ಮುಗಿದ ಮೇಲೆ ಉಳಿದದ್ದನ್ನು ಸಿಂಕಿಗೆ ಸುರಿಯದೆ, ಚಹಾ ಚರಟದಲ್ಲಿ ಬೆರೆಸಿ, ಕವರಿನಲ್ಲಿ ಬಿಗಿದು ಕಸಕ್ಕೆ ಹಾಕಿ.